ಹಳೇ ಡೈರಿ, ಹೊಸ ಗಂಟೆ

ಮಕ್ಕಳೇ, ಡಿಸೆಂಬರ್ ಕೊನೇ ವಾರ ಅಜ್ಜಿ-ತಾತನ ಜೊತೆ ಕೂತು ಮನೆಯ ಡೈರಿಯನ್ನು ಜನವರಿಯಿಂದ ಒಂದೇ ಪಟ್ಟಿಗೆ ಓದಿ. ಮತ್ತೆ ಮತ್ತೆ ಬಂದ ವಿಷಯಕ್ಕೆ ಕೆಂಪು ಗೆರೆ ಎಳೆಯಿರಿ. ನಮ್ಮ ಡೈರಿಯಲ್ಲಿ ಮಾರ್ಚ್‌ನಲ್ಲಿ ‘ತಾರಸಿ ಒದ್ದೆ’, ಜುಲೈನಲ್ಲಿ ‘ಗೋಡೆಗೆ ಪಾಚಿ’, ಅಕ್ಟೋಬರ್‌ನಲ್ಲಿ ‘ನೀರಿನ ಬಿಲ್ ಜಾಸ್ತಿ’ ಎಂದಿತ್ತು. ಬಿಡಿಯಾಗಿ ಮೂರು ದೂರು. ಒಟ್ಟಿಗೆ ಓದಿದಾಗ ತಾರಸಿಗೆ ಹತ್ತಿ ನೋಡಿದೆವು: ಟ್ಯಾಂಕ್ ತುಂಬಿದ ಮೇಲೂ ಬಾಲ್ ವಾಲ್ವ್ ಮುಚ್ಚುತ್ತಿರಲಿಲ್ಲ. ಹೊಸ ವರ್ಷದ ವಿಷಯ ‘ನೀರು’ ಎಂದು ಮೊಮ್ಮಗಳು ಬರೆದಳು. ಒಂದೆರಡು ವಿಷಯ ಸಾಕು. ಹತ್ತು ಬರೆದರೆ ಸಂಕ್ರಾಂತಿಗೇ ಮರೆತುಹೋಗುತ್ತೆ.

ಆಮೇಲೆ ಮೊಬೈಲ್‌ನ ರಿಮೈಂಡರ್. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಹೊಡೆಯುವ ಗಂಟೆಗೆ ಯಾರೂ ಕಿವಿಗೊಡುವುದಿಲ್ಲ. ತಿಂಗಳಿಗೊಮ್ಮೆ ಎಂದು 31ನೇ ತಾರೀಕಿಗೆ ಇಟ್ಟರೂ ಕಷ್ಟ: ಹಲವು ಕ್ಯಾಲೆಂಡರ್‌ಗಳು 31 ಇಲ್ಲದ ತಿಂಗಳನ್ನು ಹಾರಿಸಿ, ವರ್ಷಕ್ಕೆ 7 ಸಲ ಮಾತ್ರ ಬಾರಿಸುತ್ತವೆ. ಟ್ಯಾಂಕ್ ನೋಡುವ ಗಂಟೆಯನ್ನು ನಾವು ಪ್ರತಿ ತಿಂಗಳ ಮೊದಲ ಭಾನುವಾರ, ತಿಂಡಿಯಾದ ಮೇಲಕ್ಕೆ ಇಟ್ಟಿದ್ದೇವೆ.