ಲಾಸ್ಟ್ ಪ್ರೈಸ್ ಎಷ್ಟು?

ಮನೆ ಬದಲಿಸೋಕೆ ಹತ್ತು ದಿನ ಇತ್ತು, ಹೊಸ ಮನೆ ಅಡ್ವಾನ್ಸ್‌ಗೆ ಹದಿನೈದು ಸಾವಿರ ಕಮ್ಮಿ ಬಿತ್ತು. ಹಳೇ ಮನೆ ಅಡ್ವಾನ್ಸ್ ಕೈಗೆ ಬರೋದು ಕೀ ಕೊಟ್ಟ ಮೇಲೆ ತಾನೆ? ಸರಿ, ಬೇಡದ್ದನ್ನೆಲ್ಲ ಮಾರೋಣ ಅಂತ ಒಂದೇ ಸಂಜೆ ಇಪ್ಪತ್ತೆರಡು ಸಾಮಾನಿನ ಫೋಟೋ ತೆಗೆದು ಓಎಲ್‌ಎಕ್ಸ್‌ಗೂ ಅಪಾರ್ಟ್‌ಮೆಂಟ್ ಗ್ರೂಪ್‌ಗೂ ಹಾಕಿದೆ.

ರಾತ್ರಿಯೆಲ್ಲ ಮೆಸೇಜು. ಬಹುಪಾಲು ಬಂದದ್ದು ನೂರೈವತ್ತರ ಟಿಫಿನ್ ಡಬ್ಬಿಗೆ: “ಲಾಸ್ಟ್ ಪ್ರೈಸ್ ಎಷ್ಟು?” ಅತ್ತೆ ನೋಡಿ ನಕ್ಕರು. “ನೂರು ರೂಪಾಯಿಗೆ ರಾತ್ರಿಯೆಲ್ಲ ಫೋನ್ ಹಿಡ್ಕೊಂಡು ಕೂತಿದ್ದೀಯಲ್ಲೇ!”

ಬೆಳಿಗ್ಗೆ ಐನೂರಕ್ಕಿಂತ ಕಡಿಮೆ ಬೆಲೆಯದ್ದೆಲ್ಲ ಪಟ್ಟಿಯಿಂದ ತೆಗೆದೆ. ಅವನ್ನು ಕೆಲಸದ ಅಕ್ಕನಿಗೆ ತೋರಿಸಿ, ಬೇಕಾದ್ದು ಇಟ್ಟುಕೊಳ್ಳಿ ಅಂದೆ. ರೆಡಿಮೇಡ್ ವಾರ್ಡ್‌ರೋಬನ್ನೂ ಬಿಟ್ಟೆ. ಮರದ ಪುಡಿ ಒತ್ತಿ ಮಾಡಿದ ಹಲಗೆ ಅದು. ಒಮ್ಮೆ ಬಿಚ್ಚಿದರೆ ಸ್ಕ್ರೂ ಮತ್ತೆ ಬಿಗಿಯಾಗಿ ಕೂರೋದಿಲ್ಲ, ಕೊಂಡವರು ಬೈಕೊಳ್ತಾರೆ. ಉಳಿದದ್ದು ನಾಲ್ಕು: ವಾಷಿಂಗ್ ಮಷಿನ್, ಸ್ಟಡಿ ಟೇಬಲ್, ಓಟಿಜಿ, ಎಕ್ಸರ್‌ಸೈಜ್ ಸೈಕಲ್.

ಬೆಲೆ ಕಟ್ಟುವಾಗ ನಾನು ಮಾಡಿದ ತಪ್ಪು ಹೇಳ್ತೀನಿ. ಓಟಿಜಿಗೆ ಕೊಟ್ಟದ್ದು ಆರು ಸಾವಿರ, ಬಳಸಿದ್ದು ಮೂರು ಸಲ, ಹಾಗಾಗಿ ನಾಲ್ಕೂವರೆ ಅಂತ ಹಾಕಿದೆ. ಒಬ್ಬರೂ ಕೇಳಲಿಲ್ಲ. ಯಾಕೆ ಅಂತ ನೋಡಿದರೆ, ಅದೇ ಮಾಡೆಲ್ ಹೊಸದು ಆಫರ್‌ನಲ್ಲಿ ನಾಲ್ಕು ಸಾವಿರಕ್ಕೇ ಸಿಗ್ತಿದೆ! ನಾವು ಎಷ್ಟು ಕೊಟ್ಟಿದ್ವಿ ಅನ್ನೋದು ಕೊಳ್ಳುವವರಿಗೆ ಬೇಕಿಲ್ಲ. ಇವತ್ತಿನ ಹೊಸದರ ಬೆಲೆಯ ಅರ್ಧಕ್ಕೆ ಇಳಿಸಿದೆ. ಸಂಜೆಯೇ 1,800ಕ್ಕೆ ಹೋಯಿತು.

ವಾಷಿಂಗ್ ಮಷಿನ್ ಮಾತ್ರ ಕೊನೇ ದಿನದವರೆಗೂ ಬಿಚ್ಚಲಿಲ್ಲ. ನಲ್ಲಿ ಪೈಪ್ ಹಾಕಿಯೇ ಇಟ್ಟಿದ್ದೆ, ಬಂದವರ ಎದುರಿಗೇ ನೀರು ತುಂಬಿಸಿ, ಸ್ಪಿನ್ ಮಾಡಿ ತೋರಿಸಿದೆ. ಮೂಲೆಯಲ್ಲಿ ಬಿಚ್ಚಿಟ್ಟ ಮಷಿನ್ನು ಎಷ್ಟೇ ಚೆನ್ನಾಗಿದ್ದರೂ ಕೆಟ್ಟದ್ದೇ ಇರಬೇಕು ಅನ್ನಿಸುತ್ತೆ. ನಮ್ಮದು ಫ್ರಂಟ್ ಲೋಡ್. ಸಾಗಿಸುವಾಗ ಡ್ರಮ್ ಅಲ್ಲಾಡದ ಹಾಗೆ ಹಿಂದೆ ಹಾಕುವ ಉದ್ದ ಬೋಲ್ಟುಗಳನ್ನು ಬಿಲ್ ಜೊತೆ ಎತ್ತಿಟ್ಟಿದ್ದೆ, ಅವನ್ನೂ ಕೊಟ್ಟೆ. ಒಂಬತ್ತು ಕೇಳಿದ್ದೆ, ಎಂಟು ಸಾವಿರಕ್ಕೆ ಮುಗಿಯಿತು. ಟೇಬಲ್ಲು ಕೆಳಗಿನ ಫ್ಲೋರ್‌ನ ಹುಡುಗನಿಗೆ 2,500ಕ್ಕೆ.

ಸೈಕಲ್‌ಗೆ ಬಂದವನು ವಿಚಿತ್ರ. ನೋಡಲಿಲ್ಲ, ಚೌಕಾಸಿ ಮಾಡಲಿಲ್ಲ, ಹೇಳಿದ ಬೆಲೆಗೇ ಒಪ್ಪಿದ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, “ಸ್ಕ್ಯಾನ್ ಮಾಡಿ ಪಿನ್ ಹಾಕಿ ಮೇಡಂ, ದುಡ್ಡು ಬರುತ್ತೆ” ಅಂದ. ಯುಪಿಐಯಲ್ಲಿ ದುಡ್ಡು ಬರೋದಕ್ಕೆ ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹೋಗೋದು ನಮ್ಮದೇ. ಬ್ಲಾಕ್ ಮಾಡಿದೆ.

ಒಟ್ಟು 12,300 ಆಯಿತು. ರದ್ದಿ ಪೇಪರ್, ಹಳೇ ಪಾತ್ರೆ ತೂಕಕ್ಕೆ ಹಾಕಿದ್ದು 640. ಉಳಿದ ಎರಡು ಸಾವಿರ ಚಿಲ್ಲರೆ ತಮ್ಮನ ಹತ್ರ ಈಸ್ಕೊಂಡೆ. ಸೈಕಲ್ ನಮ್ಮ ಜೊತೆಗೇ ಹೊಸ ಮನೆಗೆ ಬಂದಿದೆ, ಸದ್ಯ ಅದರ ಮೇಲೆ ಟವೆಲ್ ಒಣಗ್ತಿದೆ.