ತೂಕದ ಮಾತಿಗೊಂದು ಮೇರೆ

ಪುಣೆಯಲ್ಲಿ ನೆಲೆಸಿದ ಬೆಳಗಾವಿ ಸೀಮೆಯ ಜೈನ ಕುಟುಂಬಗಳು ದಶಲಕ್ಷಣ ಪರ್ವ ಮುಗಿದೊಡನೆ ಕ್ಷಮಾವಾಣಿಗೆಂದು ಬಂಧುಗಳ ಮನೆಗೆ ಹೋಗುವುದುಂಟು. ಕ್ಷಮೆ ಬೇಡಿದ ಬಾಯಿಯೇ ಮರುಗಳಿಗೆಯಲ್ಲಿ, “ಹತ್ತು ದಿನ ಏಕಾಸನ ಮಾಡಿದ್ರೂ ಮೈ ಇಳದಿಲ್ಲಲ್ಲ ತಂಗಿ, ಇನ್ನ ವರ ಹೆಂಗ ಸಿಗ್ತಾನ?” ಎನ್ನುತ್ತದೆ.

ಆಕ್ಷೇಪಿಸಿದರೆ “ಇದ್ದದ್ದ ಅಂದೆ” ಎಂಬ ಸಮರ್ಥನೆ ಸಿದ್ಧವಿರುತ್ತದೆ. ಆದರೆ ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಖೇದ, ಶೋಕಗಳನ್ನು ಹುಟ್ಟಿಸುವ ಅಪ್ರಿಯ ವಚನವನ್ನು ಅಸತ್ಯದ ಪ್ರಕಾರಗಳಲ್ಲಿಯೇ ಎಣಿಸಿದ್ದಾರೆ.

ಹುಡುಗಿಯರು ಸಾಮಾನ್ಯವಾಗಿ ನಗುತ್ತಾರೆ, ಇಲ್ಲವೇ ಕಾರಣ ಹೇಳುತ್ತಾರೆ. ನಗು ಒಪ್ಪಿಗೆಯೆನಿಸುತ್ತದೆ. ಕಾರಣವಂತೂ ಚರ್ಚೆಗೆ ಬಾಗಿಲು ತೆರೆದಂತೆ: ಥೈರಾಯ್ಡ್ ಎಂದರೆ ಮೆಂತ್ಯದ ನೀರು, ಅದರ ಹಿಂದೆಯೇ ಯಾರೋ ಒಬ್ಬರ ವೈದ್ಯರ ವಿಳಾಸ. ಬೇಕಾದುದು ಕಾರಣವಿಲ್ಲದ ಎರಡು ವಾಕ್ಯ: “ಅತ್ತೀ, ನನ್ನ ಮೈಯ ಮಾತು ಬ್ಯಾಡ್ರಿ. ಪ್ರಯಾಣ ಹೆಂಗಾತು ಹೇಳ್ರಿ.” ‘ರೀ’ ಗೌರವವನ್ನು ಕಾಯುತ್ತದೆ, ‘ಬ್ಯಾಡ್ರಿ’ ಮೇರೆಯನ್ನು ತೋರುತ್ತದೆ, ಪ್ರಶ್ನೆಯು ಹಿರಿಯರಿಗೆ ಮುಖಭಂಗವಾಗದಂತೆ ಹೊರಬರಲು ದಾರಿ ಕೊಡುತ್ತದೆ. ಅವರ ಮೈಮಾಟದ ಮೇಲೆ ತಿರುಗಿ ಆಡಿದರೆ ಆ ದಾರಿ ಮುಚ್ಚುತ್ತದೆ.

ಅತ್ತೆ ಪ್ರಯಾಣದ ಕಥೆ ತೆಗೆದರೆ ಮೇರೆ ತಿಳಿದಿದೆಯೆಂದೇ ಅರ್ಥ. “ಚ್ಯಾಷ್ಟಿಗೆ ಅಂದೆ” ಎಂದು ಮತ್ತೆ ಅದಕ್ಕೇ ಬಂದರೆ ಧ್ವನಿ ಏರಿಸಬೇಕಾಗಿಲ್ಲ: “ಚ್ಯಾಷ್ಟಿ ಆದ್ರೂ ಬ್ಯಾಡ್ರಿ. ಮತ್ತ ಅಂದ್ರ ನಾ ಒಳಗ ಹೋಗ್ತೀನಿ.” ಮೂರನೆಯ ಸಲ ಎದ್ದು ಹೋಗಲೇಬೇಕು; ಕುಳಿತೇ ಇದ್ದರೆ ಮುಂದಿನ ವರ್ಷವೂ ಅದೇ ಮಾತು.

ಮಗು ಹನ್ನೆರಡರದಾದರೆ ಉತ್ತರದ ಹೊಣೆ ಅದರದಲ್ಲ. ಅತ್ತೆಗೆ ಹೇಳಬೇಕಾದವನು ಅವರ ತಮ್ಮ, ಅಂದರೆ ಮಗುವಿನ ತಂದೆ. ಸೊಸೆಯನ್ನು ಮುಂದೆ ಬಿಟ್ಟು ಆತ ಪತ್ರಿಕೆಯಲ್ಲಿ ಮುಖ ಹುದುಗಿಸಿ ಕೂಡುವುದೇ ಹೆಚ್ಚು.