ಮೈಮರೆಯುವ ಹುಡುಗಿ: ಗಮನದ ಕೊರತೆಯೋ, ಮನದ ಅಂಜಿಕೆಯೋ?

ತರಗತಿಯಲ್ಲಿ ಗದ್ದಲಮಾಡುವ ಹುಡುಗನ ಸುದ್ದಿಯು ಒಂದು ವಾರದೊಳಗೇ ಮನೆಗೆ ಮುಟ್ಟುವುದು. ಕಿಟಕಿಯ ಬಳಿ ಸದ್ದಿಲ್ಲದೆ ಕುಳಿತು, ಕಣ್ಣು ಕರಿಹಲಗೆಯ ಮೇಲಿದ್ದರೂ ಮನಸ್ಸು ಬೇರೆಲ್ಲಿಯೋ ಇರುವ ಹುಡುಗಿಯಾದರೋ ಯಾರಿಗೂ ತೊಂದರೆಯನ್ನು ಕೊಡುವುದಿಲ್ಲ. ಆದುದರಿಂದ ಆಕೆಯನ್ನು ಯಾರೂ ವಿಚಾರಿಸುವುದೂ ಇಲ್ಲ. ಇಂತಹ ಅನ್ಯಮನಸ್ಕತೆಗೆ ಮುಖ್ಯವಾಗಿ ಎರಡು ಕಾರಣಗಳುಂಟು. ಒಂದು, ಹುಟ್ಟಿನಿಂದಲೇ ಬಂದ ಗಮನದ ಕೊರತೆ. ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎಂಬುದರ ಚಾಂಚಲ್ಯವಿಲ್ಲದ ಬಗೆಯೆನ್ನುವರು. ಇನ್ನೊಂದು, ಒಳಗೇ ಕೊರೆಯುವ ಅಂಜಿಕೆ. ಹೊರಗಿನಿಂದ ಎರಡೂ ಒಂದೇ ತೆರನಾಗಿ ತೋರುವುವು. ಪರಿಹಾರಗಳು ಮಾತ್ರ ಬೇರೆ ಬೇರೆ.

ನಾಲ್ಕನೆಯ ತರಗತಿಯ ಇಬ್ಬರು ಬಾಲಕಿಯರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಒಬ್ಬಳು ತರೀಕೆರೆಯವಳು. ಮತ್ತೊಬ್ಬಳ ತಂದೆಗೆ ಕಳೆದ ಜೂನ್ ತಿಂಗಳಲ್ಲಿ ಕಡೂರಿನಿಂದ ಅಜ್ಜಂಪುರಕ್ಕೆ ವರ್ಗವಾಗಿ, ಆಕೆಯು ಅಲ್ಲಿನ ಶಾಲೆಗೆ ಹೊಸದಾಗಿ ಸೇರಿರುವಳು. ಇಬ್ಬರೂ ಪಾಠದ ನಡುವೆ ಮೈಮರೆಯುವರು; ಇಬ್ಬರ ಲೆಕ್ಕಗಳೂ ಅರ್ಧಕ್ಕೇ ನಿಲ್ಲುವುವು.

ಮೊದಲು ಕೇಳತಕ್ಕ ಪ್ರಶ್ನೆ, ಇದು ಎಂದಿನಿಂದ ಎಂಬುದು. ತರೀಕೆರೆಯ ಬಾಲಕಿಯು ಅಂಗನವಾಡಿಯ ದಿನಗಳಿಂದಲೂ ಹೀಗೆಯೇ. ಅಜ್ಜಂಪುರದವಳು ಕಡೂರಿನಲ್ಲಿದ್ದಾಗ ಚೆನ್ನಾಗಿ ಕಲಿಯುತ್ತಿದ್ದಳು. ಊರು ಬದಲಾದ ಮೇಲೆಯೇ ಹೀಗಾದಳು. ಆರಂಭದ ದಿನವನ್ನು ತಾಯಿಯು ಬೆರಳಿಟ್ಟು ತೋರಬಲ್ಲಳಾದರೆ ಅಂಜಿಕೆಯನ್ನೇ ಮೊದಲು ಶಂಕಿಸಬೇಕು.

ಎರಡನೆಯದು, ಎಲ್ಲೆಲ್ಲಿ ಎಂಬುದು. ತರೀಕೆರೆಯವಳು ಶಾಲೆಯಲ್ಲಿ ಪೆನ್ಸಿಲನ್ನು ಕಳೆಯುವಂತೆಯೇ, ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಟವೆಲನ್ನು ಬಾವಿಯ ಕಟ್ಟೆಯ ಮೇಲೆ ಮರೆಯುವಳು. ಚೊಂಬಿನಲ್ಲಿ ನೀರು ತಂದು, ಬಾಗಿಲನ್ನು ಹಾಕಿ, ಅಜ್ಜನನ್ನು ಕರೆಯೆಂದರೆ ನೀರೊಂದನ್ನೇ ತಂದು ನಿಲ್ಲುವಳು. ಭಯಪಡುವ ಸಂಗತಿಯೊಂದೂ ಅಲ್ಲಿಲ್ಲ. ಅಜ್ಜಂಪುರದವಳಿಗಾದರೋ ಭಾನುವಾರ ಸುಖವಾಗಿ ಕಳೆಯುವುದು. ಸೋಮವಾರ ಬೆಳಗ್ಗೆ ಹೊಟ್ಟೆನೋವು. ಶಾಲೆಗೆ ಹೋಗಬೇಡವೆಂದರೆ ನೋವು ಇಳಿಯುವುದು.

ಮೂರನೆಯದು, ಬರೆದ ಪುಟವನ್ನು ನೋಡುವುದು. ಗಮನ ಸಾಲದವಳು ಬಲ್ಲ ಲೆಕ್ಕದಲ್ಲಿಯೇ ಕೂಡುವ ಚಿಹ್ನೆಯನ್ನು ಕಳೆಯುವುದೆಂದು ಓದುವಳು. ಪುಟದ ಕೆಳಗೆ ಹೋದಂತೆ ತಪ್ಪುಗಳು ಹೆಚ್ಚುವುವು. ಅಂಜುವವಳು ಬರೆದುದನ್ನು ಅಳಿಸಿ ಅಳಿಸಿ ಕಾಗದವನ್ನು ತೂತುಮಾಡುವಳು. ತಪ್ಪಾದೀತೆಂದು ಬರೆಯದೆಯೇ ಬಿಡುವಳು.

ನಾಲ್ಕನೆಯದಾಗಿ, ಮೈಮರೆತಾಗ ಗದರಿಸದೆ, "ಏನು ಯೋಚಿಸುತ್ತಿದ್ದೆ, ಪುಟ್ಟೀ?" ಎಂದು ಮೆಲ್ಲನೆ ಕೇಳಬೇಕು. ಮೊದಲನೆಯವಳು ಇರುವೆಯ ಸಾಲು, ರೈಲಿನ ಸದ್ದು, ದಿನಕ್ಕೊಂದು ಉತ್ತರವನ್ನು ಹೇಳುವಳು. ಇಲ್ಲವೆ "ಗೊತ್ತಿಲ್ಲಮ್ಮ" ಎನ್ನುವಳು. ಎರಡನೆಯವಳ ಮನಸ್ಸು ಒಂದೇ ಗೂಟದ ಸುತ್ತ ತಿರುಗುವುದು: ಮೇಷ್ಟ್ರು ಎಬ್ಬಿಸಿ ಕೇಳಿದರೆ? ಎಲ್ಲರೂ ನಕ್ಕರೆ?

ಇಷ್ಟವಾದ ಚಿತ್ರ ಬರೆಯುವಾಗ ಒಂದು ಗಂಟೆ ಅಲುಗದೆ ಕುಳಿತಳೆಂಬುದರಿಂದ ಗಮನದ ಕೊರತೆಯಿಲ್ಲವೆನ್ನಲಾಗದು. ರುಚಿಸಿದ ಕೆಲಸವು ಇಂತಹ ಮಕ್ಕಳನ್ನೂ ಹಿಡಿದಿಡುವುದು. ಅಲ್ಲದೆ ವರ್ಷಗಟ್ಟಲೆ "ಸೋಮಾರಿ" ಎನಿಸಿಕೊಂಡ ಹುಡುಗಿಗೆ ಗಮನದ ಕೊರತೆಯ ಮೇಲೆ ಅಂಜಿಕೆಯೂ ಬೆಳೆಯುವುದುಂಟು. ಆಗ ಯಾವುದು ಮೊದಲು ಬಂದಿತೆಂಬುದನ್ನೇ ಹುಡುಕಬೇಕು. ಕೆಲವೇ ಕ್ಷಣಗಳ ಕಾಲ ದೃಷ್ಟಿ ನಟ್ಟು, ಮುಟ್ಟಿದರೂ ಎಚ್ಚರಗೊಳ್ಳದಿದ್ದರೆ ಅದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಕಿವಿ, ಕಣ್ಣು, ನಿದ್ರೆಗಳನ್ನೂ ವಿಚಾರಿಸಬೇಕು.

ತಾಯಿಯು ಎರಡು ವಾರಗಳ ಕಾಲ ದಿನ, ವೇಳೆ, ಸ್ಥಳ, ಮಾಡುತ್ತಿದ್ದ ಕೆಲಸ, ಮಗುವಿನ ಉತ್ತರ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಉಪಾಧ್ಯಾಯಿನಿಯವರಿಂದಲೂ ಹಾಗೆಯೇ ಬರೆಸಿಕೊಳ್ಳಲಿ. ಹೊಸ ಸ್ಥಳದಲ್ಲಿ ಮಗುವು ಎಚ್ಚರವಾಗಿ ಕೂರುವುದುಂಟಾದುದರಿಂದ ವೈದ್ಯರಿಗೆ ಒಂದು ಭೇಟಿಗಿಂತ ಈ ಪುಸ್ತಕವು ಹೆಚ್ಚು ಹೇಳುವುದು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ನಿಯಮದಂತೆ, ಗಮನದ ಕೊರತೆಯ 9 ಲಕ್ಷಣಗಳಲ್ಲಿ 6 ಆದರೂ 6 ತಿಂಗಳು ಕಾಣಬೇಕು. ಕೆಲವಾದರೂ 12 ವರ್ಷಕ್ಕೆ ಮುಂಚೆಯೇ, ಎರಡು ಕಡೆಗಳಲ್ಲಿ ತೋರಿರಬೇಕು. ಅಂಜಿಕೆಯಂತಹ ಬೇರೆ ಕಾರಣದಿಂದ ಅವು ಇನ್ನೂ ಚೆನ್ನಾಗಿ ವಿವರಿಸಲ್ಪಡುವಂತಿರಬಾರದು.

ತರೀಕೆರೆಯವಳಿಗೆ ಮುಂದಿನ ಸಾಲಿನ ಜಾಗ, ಒಂದೊಂದಾಗಿ ಹೇಳುವ ಕೆಲಸ, ಅಗತ್ಯವಿದ್ದರೆ ವೈದ್ಯರು ಕೊಡುವ ಔಷಧ ಒದಗುವುವು. ಅಜ್ಜಂಪುರದವಳಿಗೆ ಬೇಕಾದುದು, ಹೆದರಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಅಭ್ಯಾಸ: ಮೊದಲು ಉಪಾಧ್ಯಾಯಿನಿಯ ಮೇಜಿನ ಬಳಿ ಮೆಲ್ಲನೆ ಉತ್ತರ, ಆಮೇಲೆ ಗೆಳತಿಯೊಡನೆ, ಕೊನೆಗೆ ತರಗತಿಯ ಮುಂದೆ. ಹೊಟ್ಟೆನೋವೆಂದು ದಿನವೂ ಮನೆಯಲ್ಲಿರಿಸಿಕೊಂಡರೆ ಅಂಜಿಕೆಯು ಬಲಿಯುವುದು. ಸಂದೇಹವಿದ್ದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416ರಲ್ಲಿ ಫೋನ್ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಉಂಟು. ಹೋಗುವಾಗ ಆ ಎರಡು ವಾರಗಳ ಪುಸ್ತಕವನ್ನು ಮರೆಯದೆ ಒಯ್ಯತಕ್ಕದ್ದು.